ಅಮೆರಿಕದಲ್ಲಿರೋ ಅಕ್ಕನ ಪಾಲು ಮಾರೋಕೆ ಪವರ್ ಆಫ್ ಅಟಾರ್ನಿ: ಡ್ರಾಫ್ಟಿಂದ ಸಬ್ ರಿಜಿಸ್ಟ್ರಾರ್ ಟೇಬಲ್ ತನಕ

ಅಪ್ಪ ಹೋದ್ಮೇಲೆ ಮೈಸೂರಲ್ಲಿ ಅವ್ರ ಹೆಸರಲ್ಲಿದ್ದ 30/40 ಸೈಟು ಅಮ್ಮ, ಅಕ್ಕ, ನಾನು ಮೂರೂ ಜನದ ಹೆಸರಿಗೆ ಜಂಟಿ ಖಾತೆ ಆಯ್ತು. ಅಪ್ಪ ವಿಲ್ ಬರೆದಿರ್ಲಿಲ್ಲ, ಸೈಟು ಅವ್ರ ಸ್ವಂತ ದುಡಿಮೆದು, ಹಾಗಾಗಿ ಮೂರು ಜನಕ್ಕೂ ಸಮಪಾಲು. ಮಾರೋಣ ಅಂತ ತೀರ್ಮಾನ ಆದಾಗ ಅಕ್ಕ ಇರೋದು ನ್ಯೂಜೆರ್ಸಿಯಲ್ಲಿ, ರಜೆ ಸಿಗಲ್ಲ, ಅವ್ಳ ಸಹಿ ಇಲ್ದೆ ಕ್ರಯಪತ್ರ ಆಗಲ್ಲ. "ಒಂದು ಜಿಪಿಎ ಕಳಿಸ್ಬಿಡಿ ಸಾರ್, ಆಗೋಗುತ್ತೆ" ಅಂದ್ರು ಬ್ರೋಕರ್. ಆಗೋಗ್ಲಿಲ್ಲ, ಎರಡು ಸಲ ವಾಪಸ್ ಬಂದು ಮೂರನೇ ಸಲಕ್ಕೆ ಆಯ್ತು. ನಾವು ಎಲ್ಲಿ ಎಡವಿದ್ವೋ ಅಲ್ಲಿ ನೀವು ಎಡವಬಾರದು ಅಂತ ಆ ಪೇಪರ್ ಹೋದ ದಾರಿಯನ್ನೇ ಹಿಡ್ಕೊಂಡು ಬರೀತಿದ್ದೀನಿ. ಇದು ಕರ್ನಾಟಕದಲ್ಲಿರೋ ಆಸ್ತಿಗೆ, ಅದ್ರಲ್ಲೂ ಅಮೆರಿಕದಲ್ಲಿ ಸಹಿ ಆಗೋ ಪತ್ರಕ್ಕೆ. ಬೇರೆ ದೇಶದವ್ರಿಗೆ ಎಲ್ಲಿ ವ್ಯತ್ಯಾಸ ಅಂತ ಮಧ್ಯದಲ್ಲಿ ಹೇಳ್ತೀನಿ.

ಮೊದ್ಲು: ಯಾರಿಗೆ ಕೊಡ್ತೀರಿ, ಎಷ್ಟು ಕೊಡ್ತೀರಿ

ಬ್ರೋಕರ್ ಹೇಳಿದ ಜಿಪಿಎ ಅಂದ್ರೆ ಜನರಲ್ ಪವರ್ ಆಫ್ ಅಟಾರ್ನಿ, ಎಲ್ಲಾ ಆಸ್ತಿಗೂ ಎಲ್ಲಾ ಥರದ ಕೆಲಸಕ್ಕೂ ಅಧಿಕಾರ, ಸ್ಪೆಷಲ್ ಅಂದ್ರೆ ಇದೊಂದು ಆಸ್ತಿ, ಇದೊಂದು ಕೆಲಸ. ಮಾರೋ ವಿಷಯ ಆದ್ರೆ ದಯವಿಟ್ಟು ಸ್ಪೆಷಲ್ಲೇ ಮಾಡಿಸಿ. ಸ್ವಂತ ತಮ್ಮನಿಗೇ ಕೊಡೋದಾದ್ರೂ ಅಷ್ಟೇ, ಯಾಕಂದ್ರೆ ಕೊಳ್ಳೋ ಕಡೆ ಲಾಯರ್‌ಗೂ ಬ್ಯಾಂಕಿಗೂ "ಈ ಸೈಟ್ ಮಾರೋಕೆ ಅಂತಾನೇ ಕೊಟ್ಟಿದ್ದಾರೆ" ಅನ್ನೋ ಪತ್ರ ನೋಡಿದ್ರೆ ಪ್ರಶ್ನೆ ಕಮ್ಮಿ, ಅಕ್ಕನಿಗೂ ಅಲ್ಲಿ ನೆಮ್ಮದಿ.

ಯಾರಿಗೆ ಕೊಡ್ತೀರಿ ಅನ್ನೋದ್ರಲ್ಲಿ ಸುಮಾರು ಜನಕ್ಕೆ ಗೊತ್ತಿಲ್ದೇ ಇರೋ ಒಂದು ವಿಷಯ ಇದೆ. ಕರ್ನಾಟಕದ ಸ್ಟಾಂಪ್ ಕಾಯ್ದೆ ಪ್ರಕಾರ ಮಾರೋ ಅಧಿಕಾರ ಇರೋ ಪವರ್ ಆಫ್ ಅಟಾರ್ನಿಯನ್ನ ಅಪ್ಪ, ಅಮ್ಮ, ಗಂಡ ಅಥ್ವಾ ಹೆಂಡತಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಇವ್ರಿಗೆ ದುಡ್ಡು ತಗೊಳ್ದೆ ಕೊಟ್ರೆ ಸ್ಟಾಂಪ್ ಡ್ಯೂಟಿ ಸಣ್ಣ ಮೊತ್ತ. ಈ ಪಟ್ಟಿಯ ಆಚೆ ಯಾರಿಗೆ ಕೊಟ್ರೂ, ಅವರು ಎಷ್ಟೇ ಹತ್ತಿರದವರಾದ್ರೂ, ಕ್ರಯಪತ್ರಕ್ಕೆ ಕಟ್ಟೋ ಥರ ಆಸ್ತಿ ಬೆಲೆ ಮೇಲೆ ಡ್ಯೂಟಿ ಬೀಳುತ್ತೆ. ಭಾವ ಆ ಪಟ್ಟಿಯಲ್ಲಿಲ್ಲ, ಅಣ್ಣನ ಮಗ ಇಲ್ಲ, ಸೋದರಮಾವ ಇಲ್ಲ, ಅತ್ತಿಗೆ ಇಲ್ಲ. ನಮ್ಮ ಅಕ್ಕ ಮೊದ್ಲು ನಮ್ಮ ಮಾವನ ಹೆಸರಿಗೆ ಮಾಡೋಣ ಅಂದಿದ್ಲು, ಅವರು ರಿಟೈರ್ಡು, ಓಡಾಡೋಕೆ ಟೈಮ್ ಇದೆ ಅಂತ. ಹಾಗೆ ಮಾಡಿದ್ರೆ ಒಂದೇ ಪಾಲಿಗೆ ಮಾರೋ ಮುಂಚೇನೇ ಲಕ್ಷಗಟ್ಟಲೆ ಹೋಗ್ತಿತ್ತು.

ಇನ್ನೊಂದು ಸಂಶಯ ಎಲ್ರಿಗೂ ಬರುತ್ತೆ, "ಜಿಪಿಎ ಮೇಲೆ ಮಾರಾಟ ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆಯಲ್ವಾ" ಅಂತ. 2011ರ ಸೂರಜ್ ಲ್ಯಾಂಪ್ ತೀರ್ಪು ಹೇಳಿದ್ದು ಏನಂದ್ರೆ, ಕ್ರಯಪತ್ರ ಮಾಡ್ದೆ ಬರೀ ಜಿಪಿಎ, ಅಗ್ರಿಮೆಂಟು, ವಿಲ್ ಬರ್ಸ್ಕೊಂಡ್ರೆ ಕೊಂಡವನಿಗೆ ಮಾಲೀಕತ್ವ ಬರಲ್ಲ ಅಂತ. ಮಾಲೀಕರು ಮನೆಯವ್ರೊಬ್ರಿಗೆ ನಿಜವಾಗ್ಲೂ ಅಧಿಕಾರ ಕೊಟ್ಟು, ಆ ಮನೆಯವರು ರಿಜಿಸ್ಟರ್ಡ್ ಕ್ರಯಪತ್ರಾನೇ ಮಾಡಿಕೊಡೋದಕ್ಕೆ ಆ ತೀರ್ಪಿಂದ ಯಾವ ಅಡ್ಡಿನೂ ಇಲ್ಲ, ತೀರ್ಪಲ್ಲೇ ಅದನ್ನ ಬಿಡಿಸಿ ಹೇಳಿದ್ದಾರೆ.

ಡ್ರಾಫ್ಟ್: ಪ್ರಿಂಟ್ ತೆಗೆಯೋ ಮುಂಚೆ ಕೊಳ್ಳೋರ ಲಾಯರ್‌ಗೆ ತೋರ್ಸಿ

ನಮ್ಮ ಮೊದಲ ತಪ್ಪು ಇದೇನೇ. ನೆಟ್ಟಿಂದ ಒಂದು ಫಾರ್ಮ್ಯಾಟ್ ಇಳಿಸಿ ಹೆಸರು ತುಂಬಿ ಅಕ್ಕನಿಗೆ ಮೇಲ್ ಮಾಡ್ದೆ, ಅವ್ಳು ಸಹಿ ಹಾಕಿ ಸ್ಕ್ಯಾನ್ ಕಳಿಸಿದ್ಲು, ಅದನ್ನ ಕೊಳ್ಳೋರ ಲಾಯರ್ ನೋಡಿ ಎರಡೇ ನಿಮಿಷಕ್ಕೆ ವಾಪಸ್ ಕೊಟ್ರು. "ನನ್ನ ಎಲ್ಲಾ ಸ್ಥಿರಾಸ್ತಿಗಳನ್ನು ನಿರ್ವಹಿಸಲು" ಅಂತ ಇತ್ತೇ ಹೊರತು ಸೈಟ್ ನಂಬರೂ ಇಲ್ಲ, ಚಕ್ಕುಬಂದಿಯೂ ಇಲ್ಲ, ಎಲ್ಲಕ್ಕಿಂತ ಮುಖ್ಯವಾಗಿ "ಮಾರಲು" ಅನ್ನೋ ಪದಾನೇ ಇರ್ಲಿಲ್ಲ. ನೋಡ್ಕೊಳ್ಳೋಕೆ ಕೊಟ್ಟ ಅಧಿಕಾರದಲ್ಲಿ ಮಾರೋ ಅಧಿಕಾರ ತಾನಾಗೇ ಸೇರ್ಕೊಳ್ಳಲ್ಲ. ಪವರ್ ಆಫ್ ಅಟಾರ್ನಿಯಲ್ಲಿ ಬರೆದಿದ್ದಷ್ಟೇ ಅಧಿಕಾರ, ಬರೀದೇ ಇರೋದನ್ನ ಊಹಿಸ್ಕೊಂಡು ಓದಲ್ಲ.

ಹಾಗಾಗಿ ಒಂದೊಂದು ಕೆಲಸಾನೂ ಹೆಸರಿಟ್ಟು ಬರೀಬೇಕು. ನಮ್ಮ ಎರಡನೇ ಡ್ರಾಫ್ಟಲ್ಲಿ ಇದ್ದಿದ್ದು ಹೀಗೆ, ಕನ್ನಡದಲ್ಲಿ ಅರ್ಥ ಹೇಳ್ತೀನಿ: ಶೆಡ್ಯೂಲ್ ಆಸ್ತಿಯಲ್ಲಿನ ನನ್ನ ಮೂರನೇ ಒಂದು ಪಾಲನ್ನು ಮಾರುವುದು, ಅದಕ್ಕೆ ಮಾರಾಟದ ಕರಾರು ಮತ್ತು ಕ್ರಯಪತ್ರಕ್ಕೆ ನನ್ನ ಪರವಾಗಿ ಸಹಿ ಮಾಡುವುದು, ಅದನ್ನು ಸಬ್ ರಿಜಿಸ್ಟ್ರಾರ್ ಮುಂದೆ ಹಾಜರುಪಡಿಸಿ ಒಪ್ಪಿಕೊಂಡು ನೋಂದಣಿ ಮಾಡಿಸುವುದು, ಖಾತೆ, ತೆರಿಗೆ ಸಂಬಂಧ ಪಾಲಿಕೆಯಲ್ಲಿ, ಆಸ್ತಿಯ ಮೇಲಿನ ನೋಂದಣಿಗಳ ಪಟ್ಟಿಯಾದ ಇಸಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಡುವುದು, ಇನ್‌ಕಮ್ ಟ್ಯಾಕ್ಸ್ ಕಚೇರಿಯಲ್ಲಿ ಈ ಮಾರಾಟದ ಬಗ್ಗೆ ನನ್ನನ್ನು ಪ್ರತಿನಿಧಿಸುವುದು, ಸ್ವಾಧೀನ ಬಿಟ್ಟುಕೊಡುವುದು. ಇದ್ರಲ್ಲಿ ಸಹಿ ಮಾಡೋದು ಮತ್ತು ಹಾಜರುಪಡಿಸೋದು ಎರಡನ್ನೂ ಬೇರೆ ಬೇರೆಯಾಗಿ ಬರೀರಿ, ನೋಂದಣಿ ಕಾಯ್ದೆಯಲ್ಲಿ ಅವೆರಡು ಬೇರೆ ಕೆಲಸಗಳು, ಒಂದನ್ನ ಬಿಟ್ರೆ ಅಲ್ಲೇ ಹಿಡೀತಾರೆ.

ದುಡ್ಡಿನ ವಿಷಯಕ್ಕೆ ಒಂದು ಸಾಲು ಬೇಕೇ ಬೇಕು. "ಮಾರಾಟದ ಹಣ ನನ್ನ ಎನ್‌ಆರ್‌ಒ ಖಾತೆಗೇ ಬರಬೇಕು, ನನ್ನ ಏಜೆಂಟ್ ಆದ ತಮ್ಮ ನನ್ನ ಹೆಸರಿನ ಚೆಕ್ ಅಥವಾ ಡಿಡಿ ಮಾತ್ರ ಸ್ವೀಕರಿಸಬಹುದು" ಅಂತ ಅಕ್ಕನ ಪತ್ರದಲ್ಲಿ ನಾನೇ ಹೇಳಿ ಹಾಕ್ಸಿದೆ. ಎನ್‌ಆರ್‌ಒ ಅಂದ್ರೆ ಹೊರದೇಶದಲ್ಲಿರೋರು ಇಲ್ಲಿ ಬರೋ ಹಣಕ್ಕೆ ಇಲ್ಲೇ ಇಟ್ಕೊಳ್ಳೋ ಬ್ಯಾಂಕ್ ಅಕೌಂಟು. ತಮ್ಮನಿಗೆ ಅನುಮಾನ ಮಾಡಿದ ಹಾಗಾಗುತ್ತೆ ಅಂತ ಅಕ್ಕ ಹಿಂಜರಿದ್ಲು, ಆದ್ರೆ ದುಡ್ಡು ನನ್ನ ಅಕೌಂಟಿಗೆ ಬಂದು ಆಮೇಲೆ ಅವ್ಳಿಗೆ ಹೋದ್ರೆ ಟ್ಯಾಕ್ಸ್ ಲೆಕ್ಕ, ಹಣ ಅಮೆರಿಕಕ್ಕೆ ಕಳಿಸೋ ಲೆಕ್ಕ ಎಲ್ಲಾ ಗೋಜಲಾಗುತ್ತೆ. ಟ್ಯಾಕ್ಸ್ ಅಧಿಕಾರ ಯಾಕೆ ಬೇಕು ಅಂದ್ರೆ, ಮಾರೋರು ಎನ್‌ಆರ್‌ಐ ಆದ್ರೆ ಕೊಳ್ಳೋರು ಅವ್ರ ಪಾಲಿನಿಂದ ಹಿಡಿಯೋ ಟಿಡಿಎಸ್ಸು ಇಲ್ಲಿಯವ್ರಿಗೆ ಹಿಡಿಯೋ 1 ಪರ್ಸೆಂಟ್ ಅಲ್ಲ, ತುಂಬಾ ಜಾಸ್ತಿ, ಅದನ್ನ ಕಡಿಮೆ ಮಾಡ್ಸೋಕೆ ಮುಂಚೇನೇ ಇಲಾಖೆಯಿಂದ ಸರ್ಟಿಫಿಕೇಟ್ ತಗೋಬೇಕು, ಆ ಓಡಾಟ ಇಲ್ಲಿರೋರೇ ಮಾಡ್ಬೇಕಾಗಬಹುದು.

ಶೆಡ್ಯೂಲನ್ನ ನೆನಪಿಂದ ಟೈಪ್ ಮಾಡ್ಬೇಡಿ. ಅಪ್ಪನ ಕ್ರಯಪತ್ರ ಒಂದು ಕೈಲಿ, ಈಗಿನ ಇ-ಖಾತಾ ಇನ್ನೊಂದು ಕೈಲಿ ಇಟ್ಕೊಂಡು ಸೈಟ್ ನಂಬರು, ಖಾತಾ ನಂಬರು, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಒಂದೊಂದೇ ಟಿಕ್ ಹಾಕ್ಕೊಂಡು ಹೋಗಿ. ನಮ್ಮದರಲ್ಲಿ ಪೂರ್ವಕ್ಕೆ ರಸ್ತೆ ಅಂತ ಇರೋದು ಟೈಪಿಂಗಲ್ಲಿ ಪಶ್ಚಿಮಕ್ಕೆ ಹೋಗಿತ್ತು, ಅಮ್ಮ ಕಣ್ಣಿಗೆ ಬಿತ್ತು, ಅವ್ರು ಆ ಸೈಟಿಗೆ ದಿನಾ ಬೆಳಿಗ್ಗೆ ಬಿಸಿಲು ಯಾವ ಕಡೆಯಿಂದ ಬೀಳುತ್ತೆ ಅಂತ ನೋಡಿದವ್ರು. ಆ ತಪ್ಪು ಅಮೆರಿಕದಲ್ಲಿ ಸೀಲ್ ಬಿದ್ಮೇಲೆ ಗೊತ್ತಾಗಿದ್ರೆ ಪೂರ್ತಿ ಮತ್ತೆ ಮಾಡ್ಬೇಕಿತ್ತು, ಇಲ್ಲಿ ಪೆನ್ನಲ್ಲಿ ತಿದ್ದೋಕೆ ಆಗಲ್ಲ.

ಹೆಸರು ಇನ್ನೊಂದು ತಲೆನೋವು. ಖಾತೆಯಲ್ಲಿ ಅಕ್ಕ ಇರೋದು ಅಪ್ಪನ ಇನಿಷಿಯಲ್ ಜೊತೆ, ಪಾಸ್‌ಪೋರ್ಟಲ್ಲಿ ಇರೋದು ಭಾವನ ಸರ್‌ನೇಮ್ ಜೊತೆ. ಎರಡನ್ನೂ "ಅಲಿಯಾಸ್" ಹಾಕಿ ಒಟ್ಟಿಗೆ ಬರೆದು, ಇಬ್ರೂ ಒಬ್ಳೇ ಅಂತ ಒಂದು ಅಫಿಡವಿಟ್ಟನ್ನೂ ಅದೇ ದಿನ ಅದೇ ನೋಟರಿ ಮುಂದೆ ಮಾಡಿಸಿದ್ವಿ. ಭಾಷೆ ಇಂಗ್ಲಿಷಲ್ಲೇ ಇರ್ಲಿ, ತನಗೆ ಓದೋಕೆ ಬರದ ಲಿಪಿಯ ಪತ್ರಕ್ಕೆ ಅಲ್ಲಿನ ನೋಟರಿ ಹಿಂದೆಮುಂದೆ ನೋಡ್ತಾರೆ, ಇಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಇಂಗ್ಲಿಷ್ ಪವರ್ ಆಫ್ ಅಟಾರ್ನಿ ಮಾಮೂಲು.

ಸಹಿ: ಯಾರ ಮುಂದೆ, ಯಾವ ಊರಲ್ಲಿ

ವಿದೇಶದಲ್ಲಿ ವಾಸ ಇರೋರ ಪವರ್ ಆಫ್ ಅಟಾರ್ನಿಗೆ 1908ರ ನೋಂದಣಿ ಕಾಯ್ದೆಯ 33ನೇ ಸೆಕ್ಷನ್ನೇ ದಾರಿ ಹೇಳುತ್ತೆ. ನೋಟರಿ ಪಬ್ಲಿಕ್, ಕೋರ್ಟು, ಜಡ್ಜ್, ಮ್ಯಾಜಿಸ್ಟ್ರೇಟ್, ಇಂಡಿಯನ್ ಕಾನ್ಸುಲ್ ಅಥ್ವಾ ಕೇಂದ್ರ ಸರ್ಕಾರದ ಪ್ರತಿನಿಧಿ, ಇವ್ರಲ್ಲಿ ಒಬ್ರ ಮುಂದೆ ಸಹಿ ಆಗಿ ಅವ್ರು ದೃಢೀಕರಿಸಬೇಕು. ಅದೇ ಮನುಷ್ಯ ಇಂಡಿಯಾದಲ್ಲಿ ವಾಸ ಇದ್ರೆ ಸಬ್ ರಿಜಿಸ್ಟ್ರಾರ್ ಮುಂದೇನೇ ಆಗಬೇಕು. ಅದಕ್ಕೇ ಅಕ್ಕನೋ ಅಣ್ಣನೋ ರಜೆಗೆ ಇಲ್ಲಿಗೇ ಬಂದಿದ್ರೆ ಕೋರ್ಟ್ ಎದುರು ನೋಟರಿ ಹತ್ರ ಮಾಡಿಸ್ಕೊಂಡು ವಿಮಾನ ಹತ್ತಿಸ್ಬೇಡಿ, ನೇರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ರಿಜಿಸ್ಟರ್ ಮಾಡಿಸ್ಬಿಡಿ, ಮುಂದೆ ಹೇಳೋ ಅಪೋಸ್ಟಿಲ್ ಓಡಾಟ ಯಾವುದೂ ಇರಲ್ಲ.

ಅಮೆರಿಕದಲ್ಲಿ ಎರಡು ದಾರಿ. ಒಂದು, ಇಂಡಿಯನ್ ಕಾನ್ಸುಲೇಟಿಂದ ಅಟೆಸ್ಟ್ ಮಾಡ್ಸೋದು. ಇನ್ನೊಂದು, ಅಲ್ಲಿನ ನೋಟರಿ ಮುಂದೆ ಸಹಿ ಮಾಡಿ ಅದಕ್ಕೆ ಆ ರಾಜ್ಯದಿಂದ ಅಪೋಸ್ಟಿಲ್ ತಗೊಳ್ಳೋದು. ಅಪೋಸ್ಟಿಲ್ ಅಂದ್ರೆ "ಈ ನೋಟರಿ ನಿಜವಾದ ನೋಟರಿ, ಸೀಲು ಅವ್ರದ್ದೇ" ಅಂತ ಸರ್ಕಾರ ಕೊಡೋ ಒಂದು ಹಾಳೆ ಅಷ್ಟೇ, ಒಳಗೆ ಏನು ಬರೆದಿದೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಬ್ರ ಅಪೋಸ್ಟಿಲನ್ನ ಇನ್ನೊಬ್ರು ಒಪ್ಪೋಕೆ ದೇಶಗಳು ಮಾಡ್ಕೊಂಡಿರೋ ಹೇಗ್ ಒಪ್ಪಂದದಲ್ಲಿ ಇಂಡಿಯಾ 2005ರಿಂದ ಇದೆ, ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಎಲ್ಲಾ ಇವೆ, ಕೆನಡಾ 2024ರಲ್ಲಿ ಸೇರ್ತು. ದುಬೈ ಅಬುಧಾಬಿಯಲ್ಲಿರೋರು ಅಪೋಸ್ಟಿಲ್ ಹುಡುಕ್ಕೊಂಡು ಹೋಗ್ಬೇಡಿ, ಅಲ್ಲಿ ಇಂಡಿಯನ್ ಕಾನ್ಸುಲೇಟ್ ಅಥ್ವಾ ಎಂಬಸಿ ಮುಂದೇನೇ ಸಹಿ ಮಾಡೋದು ಸಲೀಸು.

ನಮ್ಮ ಎರಡನೇ ತಪ್ಪು ಇಲ್ಲಾಯ್ತು. ಅಕ್ಕ ಇರೋದು ನ್ಯೂಜೆರ್ಸಿ, ಕೆಲಸ ಮ್ಯಾನ್‌ಹಟನ್‌ನಲ್ಲಿ, ಆಫೀಸಲ್ಲೇ ಒಬ್ರು ನೋಟರಿ ಇದ್ರು ಅಂತ ಲಂಚ್ ಟೈಮಲ್ಲಿ ಅಲ್ಲೇ ಸಹಿ ಮಾಡಿ ಅಪೋಸ್ಟಿಲ್‌ಗೆ ನ್ಯೂಜೆರ್ಸಿಗೆ ಕಳಿಸಿದ್ಲು. ವಾಪಸ್ ಬಂತು. ನೋಟರಿಯ ಲೈಸೆನ್ಸ್ ನ್ಯೂಯಾರ್ಕಿಂದು, ಆ ಸಹಿ ನ್ಯೂಜೆರ್ಸಿಯವ್ರ ದಾಖಲೆಯಲ್ಲಿ ಇರೋಕೆ ಸಾಧ್ಯಾನೇ ಇಲ್ಲ. ನೀವು ಎಲ್ಲಿ ವಾಸ ಅನ್ನೋದು ಲೆಕ್ಕಕ್ಕಿಲ್ಲ, ನೋಟರಿ ಯಾವ ರಾಜ್ಯದವ್ರೋ ಅಪೋಸ್ಟಿಲ್ ಆ ರಾಜ್ಯದ್ದೇ ಆಗಬೇಕು. ನ್ಯೂಯಾರ್ಕಲ್ಲಂತೂ ಮಧ್ಯದಲ್ಲಿ ಕೌಂಟಿ ಕ್ಲರ್ಕ್ ಹತ್ರ ನೋಟರಿಯ ಸಹಿಯನ್ನ ದೃಢೀಕರಿಸೋ ಇನ್ನೊಂದು ಹೆಜ್ಜೆ ಇದೆ. ಅಕ್ಕ ಕೊನೆಗೆ ಮನೆ ಹತ್ರ ನ್ಯೂಜೆರ್ಸಿ ನೋಟರಿಯನ್ನೇ ಹಿಡಿದು ಮತ್ತೆ ಹೊಸದಾಗಿ ಸಹಿ ಮಾಡಿದ್ಲು. ಬಹಳಷ್ಟು ರಾಜ್ಯಗಳಲ್ಲಿ ಅಪೋಸ್ಟಿಲ್ ಕೊಡೋದು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ, ನ್ಯೂಜೆರ್ಸಿಯಲ್ಲಾದ್ರೆ ಟ್ರೆಷರಿ ಇಲಾಖೆ.

ನೋಟರಿ ಮುಂದೆ ಕೂತಾಗ ಗಮನದಲ್ಲಿ ಇಟ್ಕೊಳ್ಳಿ. ಮುಂಚೇನೇ ಮನೇಲಿ ಸಹಿ ಮಾಡ್ಕೊಂಡು ಹೋಗಬಾರದು. ಅಮೆರಿಕದ ನೋಟರಿಗಳು ಹಾಕೋ ಮಾಮೂಲಿ ಒಕ್ಕಣೆಯಲ್ಲಿ "ಈ ವ್ಯಕ್ತಿ ಬಂದು ಸಹಿ ತನ್ನದು ಅಂತ ಒಪ್ಪಿಕೊಂಡರು" ಅಂತ ಮಾತ್ರ ಇರುತ್ತೆ, ನಮ್ಮ ಕಾಯ್ದೆ ಕೇಳೋದು ಅವ್ರ ಮುಂದೇನೇ ಸಹಿ ಆಗಿರಬೇಕು ಅಂತ. ಹಾಗಾಗಿ "ಪಾಸ್‌ಪೋರ್ಟ್ ನೋಡಿ ಗುರುತು ಹಿಡಿದಿದ್ದೇನೆ, ನನ್ನ ಮುಂದೆ ಸಹಿ ಮಾಡಿದರು" ಅನ್ನೋ ಮಾತು ಸೇರಿಸೋಕೆ ಆಗುತ್ತಾ ಅಂತ ಕೇಳಿ, ಅಕ್ಕನಿಗೆ ಹಾಕ್ಕೊಟ್ರು. ಪ್ರತಿ ಪುಟದ ಕೆಳಗೂ ಸಹಿ, ಕೊನೆ ಪುಟದಲ್ಲಿ ಪೂರ್ತಿ ಸಹಿ ಜೊತೆ ಎಡಗೈ ಹೆಬ್ಬೆಟ್ಟು, ಪಾಸ್‌ಪೋರ್ಟ್ ಸೈಜ್ ಫೋಟೋ ಅಂಟಿಸಿ ಅದರ ಮೇಲೆ ಅರ್ಧ ಬರೋ ಹಾಗೆ ಸಹಿ, ಇಬ್ರು ಸಾಕ್ಷಿ ಹೆಸರು ವಿಳಾಸದ ಜೊತೆ. ಹೆಬ್ಬೆಟ್ಟು ಅಂದಾಗ ಆ ನೋಟರಿಗೆ ಆಶ್ಚರ್ಯ ಆಯ್ತಂತೆ, ಆದ್ರೂ ಹಾಕ್ಸಿ, ಇಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಕೇಸ್ ವರ್ಕರ್ ಕಣ್ಣು ಫೋಟೋ ಹೆಬ್ಬೆಟ್ಟಿನ ಕಡೆಗೂ ಹೋಗುತ್ತೆ. ವಿಡಿಯೋ ಕಾಲಲ್ಲಿ ಮಾಡೋ ಆನ್‌ಲೈನ್ ನೋಟರಿ ಬೇಡವೇ ಬೇಡ, ಅದು ಅಲ್ಲಿ ನಡೆಯಬಹುದು, ಇಲ್ಲಿ ಇಂಕಿನ ಸಹಿ ಇರೋ ಒರಿಜಿನಲ್ ಕೇಳ್ತಾರೆ.

ಒರಿಜಿನಲ್ ಎರಡು ಮಾಡಿಸಿ, ಎರಡಕ್ಕೂ ಅಪೋಸ್ಟಿಲ್ ತಗೊಳ್ಳಿ. ಯಾಕೆ ಅಂತ ಕೊನೇಲಿ ಹೇಳ್ತೀನಿ. ಅಪೋಸ್ಟಿಲ್ ಹಾಳೆ ಪತ್ರದ ಜೊತೆ ಪಿನ್ ಹೊಡೆದು ಬರುತ್ತೆ. ಸ್ಕ್ಯಾನ್ ಮಾಡೋಕೆ ಅಂತ ಆ ಪಿನ್ ಬಿಚ್ಚಬೇಡಿ, ಬಿಚ್ಚಿ ಮತ್ತೆ ಹೊಡೆದ ತೂತು ಕಂಡ್ರೆ ಒಳಗಿನ ಹಾಳೆ ಬದಲಾಯಿಸಿದ್ದಾರೆ ಅನ್ನೋ ಅನುಮಾನಕ್ಕೆ ಅಷ್ಟು ಸಾಕು. ಹಾಳೆ ಮಡಿಚಿ ಫೋಟೋ ತೆಗೀರಿ, ಸಾಕಾಗುತ್ತೆ.

ಇಲ್ಲಿಗೆ ಬಂದ ದಿನದಿಂದ ಮೂರು ತಿಂಗಳು

ಇದು ಗೊತ್ತಿಲ್ದೆ ಕೆಟ್ಟವ್ರೇ ಜಾಸ್ತಿ. ಹೊರದೇಶದಲ್ಲಿ ಸಹಿ ಆದ ಪತ್ರಕ್ಕೆ ಅಲ್ಲಿ ಬಿಳಿ ಹಾಳೆ ಸಾಕು, ಆದ್ರೆ ಅದು ಕರ್ನಾಟಕಕ್ಕೆ ಬಂದು ತಲುಪಿದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ಅಂತ ಸ್ಟಾಂಪ್ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತೆ. ಲೆಕ್ಕ ಸಹಿ ಮಾಡಿದ ದಿನದಿಂದಲ್ಲ, ಬಂದ ದಿನದಿಂದ, ಹಾಗಾಗಿ ಬಂದ ದಿನಕ್ಕೆ ಸಾಕ್ಷಿ ಬೇಕು. ನಮ್ಮದು ಮಾರ್ಚ್ 14ಕ್ಕೆ ಬಂತು. ಕೊರಿಯರ್ ಕವರನ್ನ ಅಮ್ಮ ಕಸಕ್ಕೆ ಹಾಕೋಕೆ ಹೋಗಿದ್ರು, ಹಿಡಿದು ನಿಲ್ಲಿಸ್ದೆ, ಆ ಕವರ್ ಮೇಲಿನ ತಾರೀಕು, ಟ್ರ್ಯಾಕಿಂಗ್ ಪೇಜಿನ ಪ್ರಿಂಟ್ ಎರಡನ್ನೂ ಫೈಲಿಗೆ ಹಾಕ್ದೆ. ಅಂದ್ರೆ ಜೂನ್ 14ರ ಒಳಗೆ ಆಗಬೇಕು. ಸೂಟ್‌ಕೇಸಲ್ಲಿ ಯಾರ ಕೈಲಾದ್ರೂ ಕಳಿಸಿದ್ರೆ ಅವ್ರ ಬೋರ್ಡಿಂಗ್ ಪಾಸ್ ಕಾಪಿ ಇಟ್ಕೊಳ್ಳಿ.

ಹೋಗಬೇಕಾಗಿರೋದು ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ. ಒರಿಜಿನಲ್, ಅದರ ಜೆರಾಕ್ಸ್, ಅಕ್ಕನ ಪಾಸ್‌ಪೋರ್ಟ್ ಕಾಪಿ, ನನ್ನ ಆಧಾರ್ ಮತ್ತು ಪ್ಯಾನ್, ನಾವು ಅಕ್ಕತಮ್ಮ ಅಂತ ತೋರಿಸೋಕೆ ವಂಶವೃಕ್ಷ, ಒಂದು ಅರ್ಜಿ, ಕೊರಿಯರ್ ಕವರು. ಸಂಬಂಧಕ್ಕೆ ದಾಖಲೆ ಯಾಕೆ ಅಂದ್ರೆ ಮೇಲೆ ಹೇಳಿದ ಪಟ್ಟಿ ನೆನಪಿರ್ಲಿ, ತಮ್ಮ ಅಂತ ಸಾಬೀತಾದ್ರೇನೇ ಸಣ್ಣ ಡ್ಯೂಟಿ. ಅವ್ರು ಎಷ್ಟು ಅಂತ ಲೆಕ್ಕ ಹಾಕಿ ಹೇಳಿದ್ಮೇಲೆ ಖಜಾನೆ-2 ಚಲನ್‌ನಲ್ಲಿ ಕಟ್ಟಿ, ಪತ್ರದ ಮೇಲೆ ಡ್ಯೂಟಿ ಕಟ್ಟಿದೆ ಅನ್ನೋ ಷರಾ ಸಹಿ ಸೀಲು ಬೀಳೋ ತನಕ ಬಿಡಬೇಡಿ. ಬರೀ ಚಲನ್ ರಸೀದಿ ಇದ್ರೆ ಪ್ರಯೋಜನ ಇಲ್ಲ, ಷರಾ ಪತ್ರದ ಮೈಮೇಲೇ ಇರಬೇಕು. ಮೂರು ತಿಂಗಳು ದಾಟಿದ್ರೆ ಪತ್ರಕ್ಕೆ ಸರಿಯಾದ ಸ್ಟಾಂಪ್ ಇಲ್ಲ ಅಂತಾಗಿ ಅದನ್ನ ಹಿಡಿದಿಟ್ಟು ದಂಡ ಹಾಕಬಹುದು, ಕಾಯ್ದೆಯಲ್ಲಿ ಹತ್ತು ಪಟ್ಟಿನ ಮಾತಿದೆ.

ಪರೀಕ್ಷೆ: ಕೊಳ್ಳೋರ ಜಾಗದಲ್ಲಿ ಕೂತು ನೋಡಿ

ಕೊಳ್ಳೋರ ಲಾಯರ್ ನಮ್ಮ ಪತ್ರ ಪರೀಕ್ಷೆ ಮಾಡಿದ ರೀತಿ ನಂಗೆ ತುಂಬಾ ಇಷ್ಟ ಆಯ್ತು, ನೀವು ಕೊಳ್ಳೋ ಕಡೆಯವ್ರಾದ್ರೂ ಹೀಗೇ ಮಾಡಿ. ಮೊದ್ಲು ಹಾಳೆಗಳನ್ನ ಎಣಿಸಿದ್ರು, ಪ್ರತಿ ಪುಟದ ಸಹಿ ಪಾಸ್‌ಪೋರ್ಟ್ ಕಾಪಿಯ ಸಹಿ ಜೊತೆ ಹಿಡಿದು ನೋಡಿದ್ರು. ನೋಟರಿ ಸೀಲಲ್ಲಿ ಅವಧಿ ಮುಗಿಯೋ ತಾರೀಕು ಇರುತ್ತೆ, ಸಹಿ ಮಾಡಿದ ದಿನ ಅದಕ್ಕಿಂತ ಮುಂಚೆ ಇದೆಯಾ ಅಂತ ನೋಡಿದ್ರು. ಅಪೋಸ್ಟಿಲಲ್ಲಿ ಬರೆದಿರೋ ನೋಟರಿ ಹೆಸರು ಒಳಗಿನ ಸೀಲಿನ ಹೆಸರು ಒಂದೇನಾ ಅಂತ ನೋಡಿದ್ರು, ಆ ನಂಬರನ್ನ ಆನ್‌ಲೈನಲ್ಲಿ ಹಾಕಿ ನೋಡೋ ವ್ಯವಸ್ಥೆ ಎಷ್ಟೋ ಕಡೆ ಇದೆ, ಇದ್ರೆ ಅದನ್ನೂ ಮಾಡಿ. ಆಮೇಲೆ ಅಕ್ಕನಿಗೇ ವಿಡಿಯೋ ಕಾಲ್ ಮಾಡಿ, ನನ್ನನ್ನ ಹೊರಗೆ ಕೂರ್ಸಿ, "ಏನಮ್ಮಾ, ಯಾವ ಸೈಟು, ಎಷ್ಟಕ್ಕೆ ಮಾರ್ತಿದ್ದೀರಿ, ದುಡ್ಡು ಯಾವ ಅಕೌಂಟಿಗೆ" ಅಂತ ಕೇಳಿದ್ರು. ನನಗೆ ಸ್ವಲ್ಪ ಬೇಜಾರಾಯ್ತು ಆದ್ರೆ ಅವ್ರು ಮಾಡಿದ್ದು ಸರಿ, ಏಜೆಂಟ್ ಮುಂದೆ ಕೇಳಿದ್ರೆ ಆ ಉತ್ತರಕ್ಕೆ ಬೆಲೆ ಇರಲ್ಲ.

ಈ ಪತ್ರ ರದ್ದಾಗಿಲ್ಲ ಅಂತ ಇಸಿ ನೋಡಿ ಗೊತ್ತಾಗಲ್ಲ, ಹೊರಗಡೆ ನೋಟರಿ ಮುಂದೆ ಆಗಿದ್ದು ಇಲ್ಲಿ ರಿಜಿಸ್ಟರೇ ಆಗಿರಲ್ಲವಲ್ಲ. ಜೊತೆಗೆ ಕೊಟ್ಟವ್ರು ತೀರಿಕೊಂಡ್ರೆ ಅಥ್ವಾ ಬುದ್ಧಿಸ್ವಾಧೀನ ತಪ್ಪಿದ್ರೆ ಪವರ್ ಆಫ್ ಅಟಾರ್ನಿ ಅಲ್ಲಿಗೇ ಮುಗೀತು. ವಯಸ್ಸಾದ ಅಪ್ಪ ಅಮ್ಮ ಮಕ್ಕಳ ಜೊತೆ ಹೊರಗಿದ್ದು ಕೊಟ್ಟಿರೋ ಪತ್ರಗಳಲ್ಲಿ ಇದನ್ನ ಬಹಳ ಹುಷಾರಾಗಿ ನೋಡಿ. ಅದಕ್ಕೇ ನೋಂದಣಿ ದಿನ ನಾನು "ನನ್ನ ಅಕ್ಕ ಜೀವಂತ ಇದ್ದಾರೆ, ಅಧಿಕಾರ ಚಾಲ್ತಿಯಲ್ಲಿದೆ, ರದ್ದು ಮಾಡಿಲ್ಲ" ಅಂತ ಅಫಿಡವಿಟ್ ಕೊಟ್ಟೆ, ಕೊಳ್ಳೋರು ಅಕ್ಕನ ಕಡೆಯಿಂದ ಅದೇ ವಾರದ ಒಂದು ಇಮೇಲನ್ನೂ ತರಿಸ್ಕೊಂಡ್ರು. ಅಕ್ಕ ಮಧ್ಯದಲ್ಲಿ ಮನಸ್ಸು ಬದಲಾಯಿಸಿದ್ರೆ ರದ್ದುಪತ್ರ ಮಾಡಿ ನಂಗೂ ಕೊಳ್ಳೋರಿಗೂ ಆ ಸಬ್ ರಿಜಿಸ್ಟ್ರಾರ್‌ಗೂ ಲಿಖಿತವಾಗಿ ತಿಳಿಸಬೇಕು, ಏಜೆಂಟ್‌ಗೂ ಎದುರಿನವ್ರಿಗೂ ಗೊತ್ತಾಗೋ ತನಕ ರದ್ದಿನ ಪರಿಣಾಮ ಬರಲ್ಲ.

ನೋಂದಣಿ ದಿನ

ಕ್ರಯಪತ್ರದಲ್ಲಿ ಮಾರೋರ ಹೆಸರು ಅಕ್ಕಂದೇ ಇರಬೇಕು, "ಇವರ ಪರವಾಗಿ ಇಂಥಾ ದಿನದ ಸ್ಪೆಷಲ್ ಪವರ್ ಆಫ್ ಅಟಾರ್ನಿ ಪ್ರಕಾರ ತಮ್ಮ" ಅಂತ ನನ್ನ ಹೆಸರು ಕೆಳಗೆ. ನಾನು ಎರಡು ಕಡೆ ಸಹಿ ಮಾಡ್ದೆ, ನನ್ನ ಪಾಲಿಗೆ ಒಂದು, ಅಕ್ಕನ ಪರವಾಗಿ ಒಂದು, ಎರಡರ ಕೆಳಗೂ ಯಾರ ಪರ ಅಂತ ಟೈಪ್ ಆಗಿತ್ತು. ಕೇಸ್ ವರ್ಕರ್ ಪತ್ರದ ಹಾಳೆಗಳನ್ನ ಓದ್ಲೇ ಇಲ್ಲ, ಸೀದಾ ತಿರುಗಿಸಿ ಜಿಲ್ಲಾ ನೋಂದಣಾಧಿಕಾರಿ ಷರಾ ಇದೆಯಾ ಅಂತ ನೋಡಿದ್ರು, ಅಪೋಸ್ಟಿಲ್ ಪಿನ್ ಮೇಲೆ ಬೆರಳಾಡಿಸಿದ್ರು, ಆಮೇಲೆ ಶೆಡ್ಯೂಲನ್ನ ಕ್ರಯಪತ್ರದ ಶೆಡ್ಯೂಲ್ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಿದ್ರು. ಪೂರ್ವಕ್ಕೆ ರಸ್ತೆ. ಅಮ್ಮ ನನ್ನ ಮುಖ ನೋಡಿದ್ರು.

ಎರಡು ಒರಿಜಿನಲ್ ಯಾಕೆ ಅಂದೆನಲ್ಲ. ಕೊಳ್ಳೋರು ಆ ಪವರ್ ಆಫ್ ಅಟಾರ್ನಿಯ ಒರಿಜಿನಲ್ಲನ್ನ ಕೇಳೇ ಕೇಳ್ತಾರೆ, ಅವ್ರ ಬ್ಯಾಂಕ್ ಲೋನಿಗೂ ಮುಂದೆ ಅವ್ರು ಮಾರುವಾಗ್ಲೂ ಅದು ಟೈಟಲ್‌ನ ಒಂದು ಕೊಂಡಿ, ಕೊಡದೆ ಇರೋಕಾಗಲ್ಲ. ಆದ್ರೆ ಅದೇ ಹೊತ್ತಿಗೆ ಅಕ್ಕನ ಟಿಡಿಎಸ್ ವಿಷಯಕ್ಕೆ ಇನ್‌ಕಮ್ ಟ್ಯಾಕ್ಸ್ ಕಚೇರಿಯಲ್ಲಿ ನಾನು ಒರಿಜಿನಲ್ ತೋರಿಸ್ಬೇಕಿತ್ತು. ಒಂದು ಅವ್ರ ಫೈಲಿಗೆ ಹೋಯ್ತು, ಇನ್ನೊಂದು ಪಿನ್ ಬಿಚ್ಚದ ಹಾಗೆ ಪ್ಲಾಸ್ಟಿಕ್ ಕವರಲ್ಲಿ ಅಪ್ಪನ ಹಳೇ ಕ್ರಯಪತ್ರದ ಜೆರಾಕ್ಸ್ ಜೊತೆ ನಮ್ಮ ಬೀರುವಲ್ಲಿದೆ.